ಸ್ನಾಯು ಪೈರುವೇಟ್‌ನಲ್ಲೇ ಯಾಕೆ ನಿಲ್ಲುವುದಿಲ್ಲ?

ಪದವಿ ತರಗತಿಗೆ ಗ್ಲೈಕಾಲಿಸಿಸ್, ಅಂದರೆ ಜೀವಕೋಶ ಗ್ಲೂಕೋಸನ್ನು ಪೈರುವೇಟ್‌ವರೆಗೆ ಒಡೆಯುವ ದಾರಿ, ಪಾಠ ಮಾಡುವಾಗ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಸರ್, ಪೈರುವೇಟ್ ಬರೋ ಹೊತ್ತಿಗೆ ಎಟಿಪಿ ಸಿಕ್ಕಾಯ್ತು. ಅದನ್ನ ಲ್ಯಾಕ್ಟೇಟ್ ಮಾಡಿದ್ರೆ ಇನ್ನೊಂದು ಎಟಿಪಿಯೂ ಸಿಗಲ್ಲ. ಮತ್ತೆ ಸ್ನಾಯು ಯಾಕೆ ಅಷ್ಟು ಕಷ್ಟ ಪಡುತ್ತೆ?" ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಇದಕ್ಕೆ ನಾನು ಬೋರ್ಡಿನ ಮೇಲೆ ಉತ್ತರ ಬರೆಯುವುದಿಲ್ಲ, ಎಲ್ಲರನ್ನೂ ಲ್ಯಾಬಿಗೆ ಕರೆದುಕೊಂಡು ಹೋಗುತ್ತೇನೆ.

ಅಲ್ಲಿ ಬೇಕಾಗುವ ಮುಖ್ಯ ವಸ್ತು ಕೋಳಿಯ ಎದೆಮಾಂಸ. ಅಂಗಡಿಯಿಂದ ತಾಜಾ ತಂದು 1 ಗ್ರಾಂನಷ್ಟನ್ನು 10 ಮಿಲಿ ತಣ್ಣನೆಯ ಫಾಸ್ಫೇಟ್ ಬಫರಿನಲ್ಲಿ ಚೆನ್ನಾಗಿ ಅರೆದು, ಸೆಂಟ್ರಿಫ್ಯೂಜ್ ಮಾಡಿ, ಮೇಲೆ ನಿಂತ ತಿಳಿಯನ್ನು ಐಸ್ ಮೇಲೆ ಇಡುತ್ತೇನೆ. ಈ ತಿಳಿಯಲ್ಲಿ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್, ನಾವು ಎಲ್‌ಡಿಎಚ್ ಅನ್ನುವ ಕಿಣ್ವ, ಯಥೇಚ್ಛವಾಗಿ ಇರುತ್ತದೆ. ಎಷ್ಟೆಂದರೆ ಹಾಗೆಯೇ ಹಾಕಿದರೆ ಉಪಕರಣ ಮೊದಲ ರೀಡಿಂಗ್ ಕೊಡುವ ಮುಂಚೆಯೇ ಕ್ರಿಯೆ ಮುಗಿದುಹೋಗಿರುತ್ತದೆ. ಹಾಗಾಗಿ ಐವತ್ತು, ನೂರು ಪಟ್ಟು ತೆಳು ಮಾಡಿಕೊಂಡು ಶುರು ಮಾಡಬೇಕು. ಗ್ರಾಫ್ ಮೊದಲಿನಿಂದಲೇ ಮಟ್ಟಸವಾಗಿ ಕೆಳಗೆ ಕೂತಿದ್ದರೆ ಕಿಣ್ವ ಸತ್ತಿದೆ ಎಂದು ವಿದ್ಯಾರ್ಥಿಗಳು ತಿಳಿಯುತ್ತಾರೆ. ಹೆಚ್ಚಿನ ಸಲ ಕಿಣ್ವ ಜಾಸ್ತಿಯಾಗಿರುತ್ತದೆ, ಅಷ್ಟೆ. ಆರಂಭದ ಓಡಿ, ಅಂದರೆ ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂಬ ಅಳತೆ, ಎಷ್ಟಿತ್ತು ಎಂದು ನೋಡಿದರೆ ಎರಡರಲ್ಲಿ ಯಾವುದು ಎಂದು ತಿಳಿಯುತ್ತದೆ.

ಕ್ರಿಯೆ ಇಷ್ಟೇ:

```
ಪೈರುವೇಟ್ + NADH + H⁺ ⇌ ಲ್ಯಾಕ್ಟೇಟ್ + NAD⁺
```

NAD ಎಂಬುದು ಹೈಡ್ರೋಜನ್ ಸಾಗಿಸುವ ಅಣು; ಹೊತ್ತಿರುವಾಗ NADH, ಇಳಿಸಿದ ಮೇಲೆ NAD⁺. ಇದರಲ್ಲಿ 340 ನ್ಯಾನೋಮೀಟರ್ ಬೆಳಕನ್ನು ಹೀರುವುದು NADH ಒಂದೇ. NAD⁺ ಆದ ಕೂಡಲೇ ಆ ಗುಣ ಹೋಗಿಬಿಡುತ್ತದೆ. ಮಾಮೂಲಿ ಕಲರಿಮೀಟರ್ ಆ ತರಂಗಾಂತರಕ್ಕೆ ಇಳಿಯುವುದಿಲ್ಲ, ಯುವಿ ಸ್ಪೆಕ್ಟ್ರೋಫೋಟೋಮೀಟರ್ ಬೇಕೇ ಬೇಕು. ಪಿಎಚ್ 7.4ರ ಬಫರಿನಲ್ಲಿ NADH 0.15 ಮಿಲಿಮೋಲಾರ್ ಇದ್ದರೆ ಓಡಿ ಸುಮಾರು 0.93 ತೋರಿಸುತ್ತದೆ. ಪೈರುವೇಟ್ ಹಾಕಿದರೂ ಅದು ಅಲ್ಲಾಡುವುದಿಲ್ಲ. ತೆಳು ಮಾಡಿದ ಕಿಣ್ವ 50 ಮೈಕ್ರೋಲೀಟರ್ ಬಿದ್ದಾಗ ಇಳಿಯಲು ಶುರು. ಒಂದು ತಂಡಕ್ಕೆ ನಿಮಿಷಕ್ಕೆ 0.124ರಂತೆ ಇಳಿಯಿತು. ಇದನ್ನು 1 ಮಿಲಿಮೋಲಾರ್ NADH ತೋರಿಸುವ ಓಡಿಯಾದ 6.22ರಿಂದ ಭಾಗಿಸಿದರೆ 0.02 ಮಿಲಿಮೋಲಾರ್. ಅಂದರೆ ಉಪಕರಣದೊಳಗೆ ಇಡುವ ಪುಟ್ಟ ಪಾತ್ರೆಯಲ್ಲಿ, 3 ಮಿಲಿ ಕ್ಯುವೆಟ್‌ನಲ್ಲಿ, ನಿಮಿಷಕ್ಕೆ 60 ನ್ಯಾನೋಮೋಲ್ NADH ಮಾಯವಾಯಿತು, ಅಷ್ಟೇ NAD⁺ ಹುಟ್ಟಿತು, ಅಷ್ಟೇ ಲ್ಯಾಕ್ಟೇಟ್ ಆಯಿತು.

ಇಲ್ಲಿ ನಾನು ತರಗತಿಯನ್ನು ನಿಲ್ಲಿಸಿ ಕೇಳುತ್ತೇನೆ: ಈ ಮೂರರಲ್ಲಿ ಸ್ನಾಯುವಿಗೆ ಬೇಕಾಗಿದ್ದು ಯಾವುದು? ಎಲ್ಲರ ಕಣ್ಣೂ ಲ್ಯಾಕ್ಟೇಟ್ ಮೇಲೆ, ಬೇಕಾಗಿದ್ದು ಮಾತ್ರ NAD⁺.

ಕಾರಣ ಗ್ಲೈಕಾಲಿಸಿಸ್‌ನ ನಡುವಿನ ಒಂದು ಹಂತದಲ್ಲಿದೆ. ಗ್ಲಿಸರಾಲ್ಡಿಹೈಡ್-3-ಫಾಸ್ಫೇಟ್ ಮುಂದಕ್ಕೆ ಹೋಗಬೇಕಾದರೆ ತನ್ನ ಹೈಡ್ರೋಜನನ್ನು NAD⁺ಗೆ ಒಪ್ಪಿಸಲೇಬೇಕು. ಎಟಿಪಿ ಸಿಗುವುದು ಅದರ ಆಚೆಗೆ. ಈ ಹಂತ ನಿಂತರೆ ಗ್ಲೂಕೋಸ್ ಎಷ್ಟೇ ಇರಲಿ, ಅದರ ಮೇಲೆ ಖರ್ಚು ಮಾಡಿದ ಎಟಿಪಿಯೂ ವಾಪಸ್ ಬರುವುದಿಲ್ಲ. ಸ್ನಾಯುವಿನ ಕೆಜಿಗೆ NAD ಒಟ್ಟು ಇರುವುದು 1 ಮಿಲಿಮೋಲ್‌ಗೂ ಕಡಿಮೆ. ಜೀವ ಬಿಟ್ಟು ಓಡುವಾಗ ಅರ್ಧ ನಿಮಿಷದಲ್ಲಿ ಅದೇ ಒಂದು ಕೆಜಿಯಲ್ಲಿ ಇಪ್ಪತ್ತು ಮಿಲಿಮೋಲ್‌ಗೂ ಮೀರಿ ಲ್ಯಾಕ್ಟೇಟ್ ಸೇರಬಹುದು. ಒಂದು ಲ್ಯಾಕ್ಟೇಟ್ ಅಂದರೆ ಒಂದು NAD⁺ ಮರಳಿ ಸಿಕ್ಕಿತು ಎಂದೇ ಲೆಕ್ಕ. ಹಾಗಾದರೆ ಆ ಅರ್ಧ ನಿಮಿಷದಲ್ಲಿ ಒಂದೊಂದು NAD ಅಣುವೂ ಹತ್ತಾರು ಸಲ ತಿರುಗಿ ಬಂದಿದೆ. ಎಲ್‌ಡಿಎಚ್ ಇಲ್ಲದಿದ್ದರೆ ಈ ವೇಗದ ಗ್ಲೈಕಾಲಿಸಿಸ್ ಬಹುಬೇಗ ನಿಂತುಹೋಗುತ್ತಿತ್ತು.

ಮೈಟೊಕಾಂಡ್ರಿಯಕ್ಕೂ ಈ ಕೆಲಸ ಬರುತ್ತದೆ. ಆದರೆ NADH ಅದರ ಒಳಪೊರೆಯನ್ನು ನೇರವಾಗಿ ದಾಟಲಾರದು, ಹೈಡ್ರೋಜನನ್ನು ಬೇರೆ ಅಣುಗಳ ಕೈಗೆ ಕೊಟ್ಟು ಕಳಿಸಬೇಕು. ಸಾವಕಾಶದ ನಡಿಗೆಗೆ ಆ ವೇಗ ಸಾಕು, 400 ಮೀಟರ್ ಓಟಕ್ಕೆ ಸಾಲದು. ಆಕ್ಸಿಜನ್ ಪೂರ್ತಿ ಖಾಲಿಯಾದ ಮೇಲೆಯೇ ಲ್ಯಾಕ್ಟೇಟ್ ಬರುತ್ತದೆ ಎಂಬ ಮಾತನ್ನು ನಾನು ಅದಕ್ಕೇ ಒಪ್ಪುವುದಿಲ್ಲ.

ಇಡ್ಲಿ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ಮಾಡುವುದೂ, ಹೆಂಡದಲ್ಲಿ ಯೀಸ್ಟ್ ಆಲ್ಕೋಹಾಲ್ ಮಾಡುವುದೂ ಇದೇ ಅಗತ್ಯಕ್ಕೆ. ಯೀಸ್ಟ್ ಪೈರುವೇಟ್‌ನಿಂದ ಮೊದಲು ಇಂಗಾಲದ ಡೈಆಕ್ಸೈಡ್ ತೆಗೆದು, ಉಳಿದ ಅಸಿಟಾಲ್ಡಿಹೈಡ್‌ಗೆ ಹೈಡ್ರೋಜನ್ ದಾಟಿಸುತ್ತದೆ. ದಾರಿ ಬೇರೆಯಾದರೂ ಅದಕ್ಕೂ NAD⁺ ವಾಪಸ್ ಸಿಕ್ಕರೆ ಸಾಕು.

ಕ್ಯುವೆಟ್ ಆದ ಮೇಲೆ ರಕ್ತ. ಕಾಲೇಜಿಗೆ 400 ಮೀಟರ್ ಓಡುವ ಹುಡುಗನೊಬ್ಬ ತಾನಾಗಿ ಮುಂದೆ ಬಂದ. ಬೆರಳು ಚುಚ್ಚುವ ಮುಂಚೆ ಬೆವರನ್ನು ನೀರಿನಿಂದ ತೊಳೆದು ಪೂರ್ತಿ ಒರೆಸಬೇಕು, ಮೊದಲ ಹನಿಯನ್ನು ಬಿಡಬೇಕು. ಬೆವರಿನಲ್ಲೇ ಲ್ಯಾಕ್ಟೇಟ್ ಬೇಕಾದಷ್ಟಿರುತ್ತದೆ, ಅದು ಸೇರಿದರೆ ಅಂಕಿ ಸುಳ್ಳಾಗುತ್ತದೆ. ಓಟಕ್ಕೆ ಮುಂಚೆ ಲೀಟರಿಗೆ 1.2 ಮಿಲಿಮೋಲ್. ಗೆರೆ ದಾಟಿದ ಕೂಡಲೇ 9.1. ಐದು ನಿಮಿಷ ಕಳೆದ ಮೇಲೆ 13.4. ಹುಡುಗ ಕೂತಿದ್ದಾನೆ, ಲ್ಯಾಕ್ಟೇಟ್ ಏರುತ್ತಿದೆ! ಸ್ನಾಯುವಿನೊಳಗೆ ತುಂಬಿದ್ದು ಹೊರಗೆ ರಕ್ತಕ್ಕೆ ಬರಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಗೆರೆಯ ಹತ್ತಿರ ತೆಗೆದ ಒಂದೇ ಅಳತೆಯನ್ನು ನಂಬಬಾರದು. ಅರ್ಧ ಗಂಟೆಗೆ 5.6, ಒಂದು ಗಂಟೆಗೆ 2.1. ಮರುದಿನದ ಮೈಕೈ ನೋವಿಗೆ ಲ್ಯಾಕ್ಟೇಟನ್ನು ದೂರುವವರು ಈ ಕೊನೆಯ ಅಂಕಿಯನ್ನು ನೋಡಬೇಕು. ನೋವು ಶುರುವಾಗುವ ಹೊತ್ತಿಗೆ ಅದು ಹೋಗಿ ಎಷ್ಟೋ ಹೊತ್ತಾಗಿರುತ್ತದೆ.

ಅದೇ ಹೊತ್ತಿನಲ್ಲಿ ರಕ್ತನಾಳದಿಂದ ತೆಗೆದ ರಕ್ತವನ್ನು ಎರಡು ಟ್ಯೂಬಿಗೆ ಹಾಕಿಸಿದ್ದೆವು. ಒಂದರಲ್ಲಿ ಫ್ಲೋರೈಡ್, ಇನ್ನೊಂದರಲ್ಲಿ ಇಲ್ಲ. ಬೆಂಚಿನ ಮೇಲೆ ಬಿಟ್ಟು ನೋಡಿದರೆ ಫ್ಲೋರೈಡ್ ಇಲ್ಲದ್ದರಲ್ಲಿ ಲ್ಯಾಕ್ಟೇಟ್ ಏರುತ್ತಲೇ ಹೋಯಿತು. ಕೆಂಪು ರಕ್ತಕಣಕ್ಕೆ ಮೈಟೊಕಾಂಡ್ರಿಯ ಇಲ್ಲ, ಸುತ್ತ ಆಕ್ಸಿಜನ್ ತುಂಬಿದ್ದರೂ ಅದು ಹೀಗೇ ಬದುಕಬೇಕು. ಫ್ಲೋರೈಡ್ ಎನೊಲೇಸ್ ಎಂಬ ಕಿಣ್ವವನ್ನು ತಡೆದು ಟ್ಯೂಬಿನೊಳಗಿನ ಗ್ಲೈಕಾಲಿಸಿಸ್ ನಿಲ್ಲಿಸುತ್ತದೆ.

ರಕ್ತದಿಂದ ಇಳಿದ ಲ್ಯಾಕ್ಟೇಟ್ ಹೋಗಿದ್ದೆಲ್ಲಿ? ಬಹುಪಾಲನ್ನು ಹೃದಯ ಮತ್ತು ಬೇರೆ ಸ್ನಾಯುಗಳು ಉರಿಸಿಕೊಂಡವು. ಒಂದು ಪಾಲು ಯಕೃತ್ತಿಗೆ ಹೋಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಮರಳಿತು. ಪ್ರಾಗ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ 1929ರಲ್ಲಿ ವಿವರಿಸಿದ ಕೋರಿ ಚಕ್ರ ಇದು. 1947ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಚಕ್ರ ಪುಕ್ಕಟೆ ಅಲ್ಲ. ಒಂದು ಗ್ಲೂಕೋಸಿನಿಂದ ಸ್ನಾಯು ಗಳಿಸುವುದು 2 ಎಟಿಪಿ, ಎರಡು ಲ್ಯಾಕ್ಟೇಟನ್ನು ಮತ್ತೆ ಗ್ಲೂಕೋಸ್ ಮಾಡಲು ಯಕೃತ್ತು ಖರ್ಚು ಮಾಡುವುದು 6. ಆದರೆ ಓಡುವಾಗ ಕಾಲಿಗೆ ಆ ಕ್ಷಣಕ್ಕೆ ಬೇಕಾದ್ದನ್ನು ಕೊಟ್ಟು, ಬಿಲ್ಲನ್ನು ಬಿಡುವಿನಲ್ಲಿ ಆಕ್ಸಿಜನ್ ಇರುವ ಅಂಗ ಕಟ್ಟುತ್ತದೆ.

ಯಕೃತ್ತಿನಲ್ಲಿ ಎಲ್‌ಡಿಎಚ್ ಹಿಮ್ಮುಖವಾಗಿ ನಡೆಯಬೇಕು. ಇದನ್ನೂ ಕ್ಯುವೆಟ್‌ನಲ್ಲಿ ತೋರಿಸುತ್ತೇನೆ. ಪಿಎಚ್ 7.4ರಲ್ಲಿ ಲ್ಯಾಕ್ಟೇಟ್ ಮತ್ತು NAD⁺ ಜೊತೆ ಕಿಣ್ವ ಹಾಕಿದರೆ ಓಡಿ ಏರುವುದು ಅತ್ಯಲ್ಪ. ಪಿಎಚ್ 9.5ರ ಗ್ಲೈಸೀನ್ ಬಫರಿನಲ್ಲಿ, ಲ್ಯಾಕ್ಟೇಟ್ ಧಾರಾಳವಾಗಿದ್ದರೆ, ಚೆನ್ನಾಗಿ ಏರುತ್ತದೆ. ಯಕೃತ್ತಿಗೆ ಆ ಪಿಎಚ್ ಇಲ್ಲ. ಅದು ಹುಟ್ಟಿದ ಪೈರುವೇಟನ್ನು ಕೂಡಲೇ ಎಳೆದುಕೊಂಡು, NADHಗಿಂತ NAD⁺ ಬಹಳ ಹೆಚ್ಚಿರುವಂತೆ ನೋಡಿಕೊಂಡು ಅದೇ ಕೆಲಸ ಸಾಧಿಸುತ್ತದೆ. ಊಟ ಬಿಟ್ಟು ಕುಡಿದವರಲ್ಲಿ ಈ ಅನುಪಾತವೇ ಕೆಡುತ್ತದೆ. ಆಲ್ಕೋಹಾಲನ್ನು ಒಡೆಯಲು ಯಕೃತ್ತಿನ NAD⁺ ಖರ್ಚಾಗಿ NADH ತುಂಬಿಕೊಳ್ಳುತ್ತದೆ, ಎಲ್‌ಡಿಎಚ್ ಪೈರುವೇಟನ್ನೇ ಲ್ಯಾಕ್ಟೇಟ್ ಕಡೆಗೆ ತಳ್ಳುತ್ತದೆ. ಯಕೃತ್ತು ಕೂಡಿಟ್ಟ ಗ್ಲೂಕೋಸ್, ಅಂದರೆ ಗ್ಲೈಕೊಜನ್, ಮೊದಲೇ ಖಾಲಿಯಾಗಿದ್ದರೆ ರಕ್ತದ ಗ್ಲೂಕೋಸ್ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ, ಲ್ಯಾಕ್ಟೇಟ್ ಏರುತ್ತದೆ.