ಒಂದೇ ಉದ್ದೇಶ ಹೇಳಿಕೆ, ಎರಡು ಸೆಕ್ಷನ್‌ಗಳು: ಮಧ್ಯಂತರ ಪರಿಹಾರದ ಆದೇಶವನ್ನು ರದ್ದುಪಡಿಸಿಕೊಂಡ ನನ್ನ ಅನುಭವ

ಮಸೂದೆಯ ಉದ್ದೇಶ ಮತ್ತು ಕಾರಣಗಳ ಹೇಳಿಕೆಯನ್ನೇ ವಾದದ ಬೆನ್ನೆಲುಬಾಗಿ ಇಟ್ಟುಕೊಂಡು ಹೈಕೋರ್ಟಿಗೆ ಹೋಗುತ್ತೇನೆ ಎಂದಾಗ, ನಾನು ಗೌರವಿಸುವ ಹಿರಿಯ ವಕೀಲರೊಬ್ಬರು, "ಅದು ಕಾನೂನಲ್ಲಪ್ಪ, ಮಸೂದೆಗೆ ಅಂಟಿಸಿದ ಮುನ್ನುಡಿ. ಅಶ್ವಿನಿ ಕುಮಾರ್ ಘೋಷ್ ತೀರ್ಪು ಓದಿದ್ದೀರಿ ತಾನೆ?" ಎಂದು ಕೇಳಿದ್ದರು. ಅವರ ಮಾತು ತಪ್ಪಾಗಿರಲಿಲ್ಲ. 1952ರ ಆ ತೀರ್ಪು, ಶಾಸನದ ಪದಗಳಿಗೆ ಅರ್ಥ ಹಚ್ಚಲು ಉದ್ದೇಶ ಹೇಳಿಕೆಯನ್ನು ಬಳಸಬಾರದೆಂದೇ ಹೇಳುತ್ತದೆ. ಆದರೆ ಪದಕ್ಕೆ ಅರ್ಥ ಹಚ್ಚುವುದು ನನ್ನ ಗುರಿಯಾಗಿರಲಿಲ್ಲ. ಶಾಸಕಾಂಗ ಯಾವ ಕೆಡುಕನ್ನು ಸರಿಪಡಿಸಲು ಹೊರಟಿತ್ತು ಎಂಬುದನ್ನಷ್ಟೇ ನಾನು ತೋರಿಸಬೇಕಿತ್ತು. ಅಷ್ಟಕ್ಕೆ ಆ ಹೇಳಿಕೆಯನ್ನು ನೋಡಲು ಸುಪ್ರೀಂ ಕೋರ್ಟ್ ಸುಬೋಧ ಗೋಪಾಲ ಬೋಸ್ ಪ್ರಕರಣದ ಕಾಲದಿಂದಲೂ ಅಡ್ಡಿಪಡಿಸಿಲ್ಲ.

ಪ್ರಕರಣ ಚೆಕ್ ಬೌನ್ಸ್‌ನದು. ನನ್ನ ಕಕ್ಷಿದಾರರು ಸಣ್ಣದೊಂದು ಮುದ್ರಣಾಲಯ ನಡೆಸುವವರು. ಸಾಲಕ್ಕೆ ಭದ್ರತೆಯಾಗಿ ಸಹಿ ಮಾತ್ರ ಹಾಕಿ ಕೊಟ್ಟಿದ್ದ ಚೆಕ್ಕಿಗೆ ಎಂಟು ಲಕ್ಷ ರೂಪಾಯಿ ತುಂಬಿ ಬ್ಯಾಂಕಿಗೆ ಹಾಕಲಾಗಿತ್ತು. ಸಾಲದ ಬಹುಪಾಲನ್ನು, ನನ್ನ ನೆನಪಿನಲ್ಲಿ ಸುಮಾರು ಆರು ಲಕ್ಷವನ್ನು, ಅವರು ಬ್ಯಾಂಕ್ ಖಾತೆಯ ಮೂಲಕವೇ ತೀರಿಸಿದ್ದರು. ಖಾತೆಯ ಪ್ರತಿ ಕಡತದಲ್ಲೇ ಇತ್ತು. ಆರೋಪಿ ತಪ್ಪೊಪ್ಪಿಕೊಳ್ಳದ ದಿನವೇ ಫಿರ್ಯಾದುದಾರರ ಪರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್, ಅಂದರೆ ಎನ್.ಐ. ಆ್ಯಕ್ಟ್‌ನ 143ಎ ಅಡಿ, ಪ್ರಕರಣ ಮುಗಿಯುವ ಮೊದಲೇ ಚೆಕ್ ಮೊತ್ತದ ಒಂದು ಭಾಗವನ್ನು ಮಧ್ಯಂತರ ಪರಿಹಾರವಾಗಿ ಕೊಡಿಸಬೇಕೆಂದು ಅರ್ಜಿ ಬಂತು. ಮ್ಯಾಜಿಸ್ಟ್ರೇಟರು ಮೂರು ಸಾಲಿನ ಆದೇಶದಲ್ಲಿ ಶೇ. 20, ಅಂದರೆ 1,60,000 ರೂಪಾಯಿಯನ್ನು ಅರವತ್ತು ದಿನಗಳೊಳಗೆ ಕಟ್ಟುವಂತೆ ಹೇಳಿದರು. ಬ್ಯಾಂಕ್ ಖಾತೆಯ ವಿಷಯ ಆದೇಶದಲ್ಲಿ ಒಂದು ಪದದಷ್ಟೂ ಇರಲಿಲ್ಲ. ಕಟ್ಟದಿದ್ದರೆ ದಂಡದಂತೆಯೇ ವಸೂಲಿ.

ಆ ಆದೇಶದ ಹಿಂದಿದ್ದ ತರ್ಕ ನಮಗೆಲ್ಲ ಪರಿಚಿತವಾದದ್ದು. 2019ರ ಸುರಿಂದರ್ ಸಿಂಗ್ ದೇಸ್ವಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 2018ರ ತಿದ್ದುಪಡಿಯ ಉದ್ದೇಶ ಹೇಳಿಕೆಯನ್ನು ನೋಡಿ, ಶಿಕ್ಷೆಯಾದವರು ಮೇಲ್ಮನವಿ ಹಾಕಿದಾಗ ಠೇವಣಿ ಇಡಿಸುವ ಸೆಕ್ಷನ್ 148ರಲ್ಲಿರುವ 'ಮೇ', ಅಂದರೆ 'ಮಾಡಬಹುದು', ಎಂಬ ಪದವನ್ನು ಸಾಮಾನ್ಯವಾಗಿ 'ಶಲ್', ಅಂದರೆ 'ಮಾಡಲೇಬೇಕು', ಎಂದೇ ಓದಬೇಕು, ಠೇವಣಿ ಬೇಡವೆನ್ನಲು ವಿಶೇಷ ಕಾರಣ ಕೊಡಬೇಕು ಎಂದಿತು. 143ಎ ಕೂಡ ಅದೇ ತಿದ್ದುಪಡಿಯಿಂದ ಬಂದದ್ದು, ಅದರಲ್ಲೂ ಅದೇ 'ಮೇ' ಇದೆ. ಆದ್ದರಿಂದ ಅಲ್ಲಿಯೂ ಕಡ್ಡಾಯ ಎಂದು ಕೆಳ ನ್ಯಾಯಾಲಯಗಳು ತೀರ್ಮಾನಿಸತೊಡಗಿದ್ದವು. ಎದುರಾಳಿಯ ಆಯುಧವೇ ಉದ್ದೇಶ ಹೇಳಿಕೆಯಾಗಿದ್ದರಿಂದ ಅದನ್ನು ಬದಿಗೊತ್ತಿ ವಾದಿಸಿದರೆ ಪ್ರಯೋಜನವಿರಲಿಲ್ಲ. ಅದನ್ನು ಪೂರ್ತಿಯಾಗಿ, ಸಾಲು ಸಾಲಾಗಿ ಓದಿಸಬೇಕಿತ್ತು.

ಇದಕ್ಕೂ ಮೊದಲು ಇಂಥದ್ದೇ ಪ್ರಯತ್ನದಲ್ಲಿ ನಾನು ಒಮ್ಮೆ ಸೋತಿದ್ದೆ, ಆ ಸೋಲನ್ನು ಇಲ್ಲಿ ಹೇಳಲೇಬೇಕು. ರಾಜ್ಯದ ಕಾಯ್ದೆಯೊಂದರ ಪ್ರಕರಣದಲ್ಲಿ ಸದನದ ಚರ್ಚೆಯ ಸುಮಾರು 140 ಪುಟಗಳನ್ನು ಪ್ರತಿ ಮಾಡಿಸಿ, ಮೂರು ಕಟ್ಟು ಬೈಂಡ್ ಮಾಡಿಸಿ ಪೀಠಕ್ಕೆ ಸಲ್ಲಿಸಿದ್ದೆ. ಕಿರಿಯರ ಓಡಾಟದ ಖರ್ಚೂ ಸೇರಿ ಹನ್ನೊಂದು ಸಾವಿರದಷ್ಟು ನನ್ನ ಕೈಯಿಂದಲೇ ಹೋಗಿತ್ತು. ಆ ಕಕ್ಷಿದಾರರಿಂದ ಅದನ್ನು ಕೇಳುವ ಹಾಗಿರಲಿಲ್ಲ. ನನ್ನ ಪರವಾಗಿದ್ದ ಅತ್ಯುತ್ತಮ ಭಾಷಣವನ್ನು ಓದುತ್ತಿದ್ದಾಗ ನ್ಯಾಯಮೂರ್ತಿಗಳು ಎರಡೇ ಪ್ರಶ್ನೆ ಕೇಳಿದರು. ಮಾತನಾಡಿದವರು ಮಸೂದೆ ಮಂಡಿಸಿದವರೇ? ಅಲ್ಲವಾದರೆ, ಅವರ ಮಾತನ್ನು ಮಂತ್ರಿಗಳು ಉತ್ತರದಲ್ಲಿ ಒಪ್ಪಿದ್ದಾರೆಯೇ? ಎರಡಕ್ಕೂ ಉತ್ತರ 'ಇಲ್ಲ' ಎಂಬುದೇ ಆಗಿತ್ತು. ಕಟ್ಟು ತೆರೆದ ಹತ್ತೇ ನಿಮಿಷದಲ್ಲಿ ಮುಚ್ಚಿತು.

ಆ ದಿನ ರಾತ್ರಿ ಕೆ.ಪಿ. ವರ್ಗೀಸ್ ತೀರ್ಪನ್ನು ಮತ್ತೆ ಓದಿದೆ. 1958ರಲ್ಲಿ 16,500 ರೂಪಾಯಿಗೆ ಕೊಂಡ ಮನೆಯನ್ನು 1965ರಲ್ಲಿ ಅದೇ ಬೆಲೆಗೆ ಸೊಸೆಗೆ ಮತ್ತು ಐವರು ಮಕ್ಕಳಿಗೆ ಮಾರಿದವರ ಪ್ರಕರಣವದು. ಮಾರುಕಟ್ಟೆ ಬೆಲೆ 65,000 ಎಂದು ಹಿಡಿದು ವ್ಯತ್ಯಾಸದ 48,500ಕ್ಕೆ ತೆರಿಗೆ ಹಾಕಲು ಅಧಿಕಾರಿ ಹೊರಟಿದ್ದರು. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 52(2)ರ ಅಕ್ಷರಾರ್ಥ ಅಧಿಕಾರಿಯ ಪರವಾಗಿಯೇ ಇತ್ತು. 1964ರಲ್ಲಿ ಆ ಉಪಕಲಮನ್ನು ತಂದ ಹಣಕಾಸು ಮಂತ್ರಿಗಳ ಭಾಷಣವನ್ನು ನೋಡಿದ ಸುಪ್ರೀಂ ಕೋರ್ಟ್, ನಿಜವಾಗಿ ಪಡೆದ ಬೆಲೆಯನ್ನು ಮುಚ್ಚಿಟ್ಟು ಕಡಿಮೆ ತೋರಿಸುವವರನ್ನು ಹಿಡಿಯುವುದೇ ಅದರ ಗುರಿ, ಪ್ರಾಮಾಣಿಕ ವ್ಯವಹಾರಕ್ಕೆ ಅದು ತಗಲುವುದಿಲ್ಲ ಎಂದು 1981ರಲ್ಲಿ ಹೇಳಿತು. ಸದಸ್ಯರ ಭಾಷಣ ಬೇರೆ, ಮಸೂದೆ ಮಂಡಿಸಿದವರು ಕಾರಣ ವಿವರಿಸುವ ಭಾಷಣ ಬೇರೆ ಎಂಬ ಗೆರೆಯನ್ನು ಅದೇ ತೀರ್ಪು ಎಳೆದಿದೆ. ಎಷ್ಟೋ ಸಲ ಉದ್ಧರಿಸಿದ್ದ ತೀರ್ಪನ್ನು ನಾನು ಸರಿಯಾಗಿ ಓದಿಯೇ ಇರಲಿಲ್ಲ.

ಈ ಸಲ ಕಾಗದ ಹುಡುಕುವಾಗಲೇ ಒಂದು ತೊಡಕು ಎದುರಾಯಿತು. ಕಾಯ್ದೆಯ ಹೆಸರಿನಲ್ಲಿ 2018 ಎಂದಿದೆ, ಆದರೆ ಮಸೂದೆಯ ಹೆಸರಿನಲ್ಲಿ ಇರುವುದು 2017. ಅದು ಲೋಕಸಭೆಯಲ್ಲಿ ಮಂಡನೆಯಾದದ್ದು 2018ರ ಜನವರಿ 2ರಂದು. ನನ್ನ ಕಿರಿಯ ಸಹೋದ್ಯೋಗಿ ಒಂದು ವಾರ '2018ರ ಮಸೂದೆ' ಎಂದು ಹುಡುಕಿ ಸಿಗಲಿಲ್ಲವೆಂದು ಕೈಚೆಲ್ಲಿದ್ದರು. ಇದೇ ಕಾಯ್ದೆಯ 2002ರ ತಿದ್ದುಪಡಿಯಲ್ಲಿ ಇದಕ್ಕಿಂತ ದೊಡ್ಡ ಹೊಂಡವಿದೆ. ಹಣಕಾಸು ಸ್ಥಾಯಿ ಸಮಿತಿ ಪರಿಶೀಲಿಸಿ 2001ರ ನವೆಂಬರಿನಲ್ಲಿ ವರದಿ ಕೊಟ್ಟದ್ದು 2001ರ ಮಸೂದೆಯ ಮೇಲೆ. ಕಾಯ್ದೆಯಾದದ್ದು ಆ ಶಿಫಾರಸುಗಳನ್ನು ನೋಡಿದ ಮೇಲೆ ತಂದ ಮುಂದಿನ ಮಸೂದೆ. ವರದಿಯಲ್ಲಿ 'ಕಲಮು 7' ಎಂದು ಕಂಡದ್ದನ್ನು ಕಾಯ್ದೆಯ ಏಳನೆಯ ಕಲಮಿಗೆ ನೇರವಾಗಿ ಹೊಂದಿಸಿದರೆ ತಪ್ಪು ಸೆಕ್ಷನ್‌ನ ಇತಿಹಾಸ ಹೇಳಿದಂತಾಗುತ್ತದೆ. ಆದ್ದರಿಂದ ಮಂಡನೆಯಾದ ರೂಪ, ಸದನ ಅಂಗೀಕರಿಸಿದ ರೂಪ ಮತ್ತು ರಾಜ್ಯಪತ್ರದಲ್ಲಿ ಬಂದ ರೂಪ, ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಪದ ಪದ ಹೋಲಿಸದೆ ನಾನು ಈಗ ಮುಂದಕ್ಕೆ ಹೋಗುವುದಿಲ್ಲ. ಉದ್ದೇಶ ಹೇಳಿಕೆ ಮಂಡನೆಯ ದಿನದ್ದು. ಆಮೇಲೆ ಸದನದಲ್ಲಿ ಪದ ಬದಲಾಗಿದ್ದರೆ ಆ ಮಟ್ಟಿಗೆ ಅದರ ಬಲ ಕುಗ್ಗುತ್ತದೆ.

ಇನ್ನು ಹೇಳಿಕೆಯ ವಿಷಯ. ಮೊದಲ ಪ್ಯಾರಾದಲ್ಲಿ ಚೆಕ್ ಪ್ರಕರಣಗಳು ಏಕೆ ಬಾಕಿ ಉಳಿದಿವೆ ಎಂಬುದಕ್ಕೆ ಕೊಟ್ಟ ಕಾರಣ ಒಂದೇ: ಸುಲಭವಾಗಿ ಮೇಲ್ಮನವಿ ಹಾಕಿ, ತಡೆಯಾಜ್ಞೆ ತಂದು, ಪ್ರಾಮಾಣಿಕರಲ್ಲದ ಚೆಕ್ ಬರೆದವರು ಕಾಲಹರಣ ಮಾಡುತ್ತಿದ್ದಾರೆ ಎಂಬುದು. ಮೇಲ್ಮನವಿ ಹಾಕುವವನು ತಪ್ಪಿತಸ್ಥನೆಂದು ಆಗಲೇ ತೀರ್ಮಾನವಾದವನು. ದೇಸ್ವಾಲ್ ತೀರ್ಪು ಹಿಡಿದುಕೊಂಡದ್ದು ಆ ಕೆಡುಕನ್ನು, ಅದು 148ಕ್ಕೆ ಸರಿಯಾಗಿ ಹೊಂದುತ್ತದೆ. ವಿಚಾರಣೆಯೇ ಶುರುವಾಗದ, ಅಪರಾಧ ಸಾಬೀತಾಗದ ವ್ಯಕ್ತಿಗೆ ಆ ವಾಕ್ಯ ಹೊಂದುವುದಿಲ್ಲ. ಮೂರನೆಯ ಪ್ಯಾರಾದಲ್ಲಿ ಇನ್ನೊಂದು ಗುರುತಿತ್ತು. 148ರ ಮೊತ್ತಕ್ಕೆ 'ಕನಿಷ್ಠ ಶೇ. 20' ಎಂದೂ 143ಎ ಮೊತ್ತಕ್ಕೆ 'ಶೇ. 20 ಮೀರದಂತೆ' ಎಂದೂ ಇದೆ, ಸೆಕ್ಷನ್‌ಗಳ ಪದಗಳೂ ಹಾಗೆಯೇ ಇವೆ. ಒಂದು ಕಡೆ ನೆಲ ಹಾಕಿದವರು ಇನ್ನೊಂದು ಕಡೆ ಚಾವಣಿ ಹಾಕಿದ್ದಾರೆ. ಚಾವಣಿ ಮಾತ್ರ ಇರುವ ಕಡೆ ಶೇ. 2 ಕೂಡ ಕಾನೂನುಬದ್ಧ ಆದೇಶವಾಗುತ್ತದೆ, ಹಾಗಾದರೆ 'ಕಡ್ಡಾಯ' ಎನ್ನುವುದಾದರೂ ಯಾವ ಮೊತ್ತವನ್ನು?

ನನ್ನ ವಾದದ ದುರ್ಬಲ ಜಾಗ ಎರಡನೆಯ ಪ್ಯಾರಾ. ಅಂತಿಮ ಇತ್ಯರ್ಥದಲ್ಲಾಗುವ ವಿಳಂಬವನ್ನು ತಡೆದು ಚೆಕ್ ಪಡೆದವರಿಗೆ ಪರಿಹಾರ ಒದಗಿಸುವುದು ಗುರಿ ಎಂದು ಅಲ್ಲಿ ಸಾಮಾನ್ಯ ಮಾತಿನಲ್ಲಿ ಹೇಳಿದೆ, ಅದು ಎರಡೂ ಸೆಕ್ಷನ್‌ಗಳನ್ನು ಒಳಗೊಳ್ಳುತ್ತದೆ. ಎದುರು ವಕೀಲರು ಅದನ್ನು ಬಿಡಲಿಲ್ಲ. ಅದಕ್ಕೆ ಉತ್ತರವಾಗಿ ನಾನು 1988ಕ್ಕೆ ಹೋದೆ. ಚೆಕ್ ಬೌನ್ಸನ್ನು ಅಪರಾಧವಾಗಿಸಿದ ಸೆಕ್ಷನ್ 138 ಮೊದಲು ಬಂದಾಗಿನ ಉದ್ದೇಶ ಹೇಳಿಕೆಯಲ್ಲಿ ಚೆಕ್ಕಿನ ಸ್ವೀಕಾರಾರ್ಹತೆ ಹೆಚ್ಚಿಸಬೇಕೆಂಬ ಗುರಿಯ ಜೊತೆಯಲ್ಲೇ, ಪ್ರಾಮಾಣಿಕವಾಗಿ ಚೆಕ್ ಬರೆದವರಿಗೆ ಕಿರುಕುಳವಾಗದಂತೆ ಸಾಕಷ್ಟು ರಕ್ಷಣೆ ಇರಬೇಕು ಎಂಬ ಮಾತೂ ಇದೆ. ಆ ರಕ್ಷಣೆಯನ್ನು 2018ರ ಹೇಳಿಕೆ ಎಲ್ಲಿಯೂ ಹಿಂತೆಗೆದುಕೊಂಡಿಲ್ಲ. ಹೊಸ ಸೆಕ್ಷನ್ನಿನ ಗುರಿಯನ್ನು ಹಳೆಯ ಅಧ್ಯಾಯದ ಗುರಿಯ ಒಳಗಿಟ್ಟು ಓದಬೇಕು ಎಂದು ವಾದಿಸಿದೆ. ಪೀಠ ಪೆನ್ನು ಕೈಗೆತ್ತಿಕೊಂಡದ್ದು ಈ ಹಂತದಲ್ಲಿ.

ನಾನು ಕೊಟ್ಟದ್ದು ಒಟ್ಟು ಒಂಬತ್ತು ಪುಟ. ಪ್ರತಿ ಮಾಡಿಸಿದ ಖರ್ಚು ನೂರು ರೂಪಾಯಿಯೂ ಆಗಿರಲಿಕ್ಕಿಲ್ಲ. ಆ ಪುಟಗಳನ್ನು ಯಾವ ಕ್ರಮದಲ್ಲಿ, ಯಾವ ಪ್ರಶ್ನೆ ಬಂದ ಮೇಲೆ ಕೈಗಿತ್ತೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅದು ಇನ್ನೂ ಕೆಲಸಕ್ಕೆ ಬರುತ್ತಿದೆ. ಸದನದ ಚರ್ಚೆಯನ್ನು ನಾನು ಪೂರ್ತಿ ಓದಿದ್ದರೂ ಪೀಠದ ಮುಂದೆ ಇಡಲಿಲ್ಲ. ಹೇಳಿಕೆಯಿಂದಲೇ ಕೆಲಸವಾಗುವಾಗ ಚರ್ಚೆಯನ್ನೂ ತಂದರೆ ಅದರಿಂದ ತಮಗೆ ಬೇಕಾದ ಸಾಲನ್ನು ಆರಿಸಿಕೊಳ್ಳಲು ಎದುರಾಳಿಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಚರ್ಚೆಯನ್ನು ಕೊಡಲೇಬೇಕಾದಾಗ ಸದನದ ಸಾರಾಂಶವನ್ನು ಕೊಡಬೇಡಿ. ಅದು ವರದಿಗಾರರ ಮಾತಿನಲ್ಲಿರುವ ಸಂಕ್ಷೇಪ. ಮಂತ್ರಿಗಳು ಬಳಸಿದ ಪದ ಅದರಲ್ಲಿ ಉಳಿದಿರುವುದಿಲ್ಲ. ಸಮಿತಿ ವರದಿಯನ್ನು ನ್ಯಾಯಾಲಯ ನೋಡಬಹುದೇ ಎಂಬ ತಕರಾರು ಬಂದರೆ 2018ರ ಕಲ್ಪನಾ ಮೆಹ್ತಾ ಪ್ರಕರಣದ ಸಂವಿಧಾನ ಪೀಠದ ತೀರ್ಪು ಸಾಕು.

2022ರಲ್ಲಿ ಹೈಕೋರ್ಟ್ ಆ ಮೂರು ಸಾಲಿನ ಆದೇಶವನ್ನು ರದ್ದುಪಡಿಸಿ, ಬ್ಯಾಂಕ್ ಖಾತೆಯನ್ನು ಪರಿಗಣಿಸಿ ಕಾರಣಸಹಿತವಾಗಿ ಹೊಸದಾಗಿ ತೀರ್ಮಾನಿಸುವಂತೆ ಪ್ರಕರಣವನ್ನು ಹಿಂದಕ್ಕೆ ಕಳಿಸಿತು. ಮ್ಯಾಜಿಸ್ಟ್ರೇಟರು ಎರಡನೆಯ ಸಲ ಖಾತೆಯನ್ನು ನೋಡಿ ಅರ್ಜಿಯನ್ನು ವಜಾ ಮಾಡಿದರು. 1,60,000 ಕಕ್ಷಿದಾರರ ಕೈಯಲ್ಲೇ ಉಳಿಯಿತು. ಎರಡು ವರ್ಷಗಳ ನಂತರ, 2024ರ ಮಾರ್ಚಿನಲ್ಲಿ, ರಾಕೇಶ್ ರಂಜನ್ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 143ಎ ಅಡಿಯ ಅಧಿಕಾರ ವಿವೇಚನೆಯದು, ಕಡ್ಡಾಯವಲ್ಲ, ಪ್ರಕರಣದ ಮೇಲ್ನೋಟದ ಬಲಾಬಲ ನೋಡಿ ಕಾರಣ ಬರೆಯಬೇಕು ಎಂದು ಹೇಳಿದಾಗ, ಆ ಹಿರಿಯರು ತಾವಾಗಿಯೇ ಫೋನ್ ಮಾಡಿ ನನ್ನ ಒಂಬತ್ತು ಪುಟಗಳ ಪ್ರತಿ ಕೇಳಿದರು. ಸಂತೋಷದಿಂದ ಕಳಿಸಿಕೊಟ್ಟೆ.

ಆದರೆ ಅದೇ ಒಂಬತ್ತು ಪುಟ ಕಳೆದ ವರ್ಷ ನನ್ನ ವಿರುದ್ಧವೇ ತಿರುಗಿದವು. ಶಿಕ್ಷೆಯಾದ ಇನ್ನೊಬ್ಬ ಕಕ್ಷಿದಾರರ ಮೇಲ್ಮನವಿಯಲ್ಲಿ ಠೇವಣಿ ಬೇಡವೆಂದು ವಾದಿಸುತ್ತಿದ್ದೆ. ಎದುರು ವಕೀಲರು ನನ್ನ ಹಳೆಯ ಪ್ರಕರಣದ ಆದೇಶವನ್ನೇ ತೆಗೆದು, ಮೊದಲ ಪ್ಯಾರಾದ ಮೇಲ್ಮನವಿಯ ವಾಕ್ಯವನ್ನು ನಿಧಾನವಾಗಿ ಓದಿದರು. ವಿನಾಯಿತಿ ಕೇಳಲು ಬೇಕಾದ ವಿಶೇಷ ಕಾರಣ ನನ್ನ ಕಡತದಲ್ಲಿ ಇರಲಿಲ್ಲ. ನ್ಯಾಯಾಲಯ ಶೇ. 20 ಕಟ್ಟಿಸಿತು.