ಸಂದರ್ಶನದ ಮಧ್ಯೆ ಕರೆಂಟು ಹೋಯ್ತಾ? ಸಂಜೆಯೊಳಗೆ ಈ ಮೇಲ್ ಕಳಿಸಿ

ಶಿರಸಿ ಕಡೆ ಮಳೆಗಾಲದಲ್ಲಿ ವಿಡಿಯೊ ಸಂದರ್ಶನ ಅಂದರೆ ಅರ್ಧ ದೇವರ ಮೇಲೆ ಭಾರ. ಪಕ್ಕದ ಮನೆಯ ಹುಡುಗಿಗೆ ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ಕೆಲಸಕ್ಕೆ ಸಂದರ್ಶನ ಇತ್ತು. 25 ನಿಮಿಷ ಚೆನ್ನಾಗಿ ನಡೆಯಿತು, ಆಮೇಲೆ ಕರೆಂಟು ಹೋಯಿತು. ಇನ್ವರ್ಟರ್ ಇತ್ತು, ಆದರೆ ಅದರ ಲೈನು ಬಲ್ಬು, ಫ್ಯಾನಿಗೆ ಮಾತ್ರ. ವೈಫೈ ಡಬ್ಬಿ ಸತ್ತಿತು. ಮೊಬೈಲ್ ನೆಟ್‌ನಲ್ಲಿ ಮತ್ತೆ ಸೇರಿಕೊಂಡರೆ ಅವರ ಮಾತು ಇವಳಿಗೆ ಸರಿ ಕೇಳುತ್ತಿತ್ತು, ಇವಳದ್ದು ಮಾತ್ರ ಅವರಿಗೆ ತುಂಡು ತುಂಡು.

ಕಾಲ್ ಮುಗಿದ ಕೂಡಲೇ ಅಳುತ್ತಾ ಕೂರಬೇಡಿ, ಪೆನ್ನು ಹಿಡಿಯಿರಿ. ಯಾವ ಪ್ರಶ್ನೆಯಲ್ಲಿ ಅವರು 'ಕೇಳ್ತಿಲ್ಲ' ಅಂದರು, ಯಾವುದನ್ನು ಅರ್ಧಕ್ಕೆ ಬಿಟ್ಟು ಮುಂದೆ ಹೋದರು, ಬರೆದಿಟ್ಟುಕೊಳ್ಳಿ. ರಾತ್ರಿಯಾದರೆ ಮರೆತು ಹೋಗುತ್ತದೆ. ಇವಳ ಪಟ್ಟಿಯಲ್ಲಿ ಸಿಕ್ಕಿದ್ದು ಒಂದೇ ಪ್ರಶ್ನೆ: ಖರೀದಿ ಲೆಕ್ಕಕ್ಕೂ ಜಿಎಸ್‌ಟಿಆರ್-2ಬಿಗೂ ತಾಳೆ ಆಗದಿದ್ದರೆ ಏನು ಮಾಡ್ತೀರಿ? 2ಬಿ ಅಂದರೆ ಮಾರಿದವರ ರಿಟರ್ನ್ ನೋಡಿ ಜಿಎಸ್‌ಟಿ ಪೋರ್ಟಲ್ ತಾನೇ ತಯಾರಿಸುವ, ಕೊಂಡವರಿಗೆ ಸಿಗುವ ತೆರಿಗೆ ಕ್ರೆಡಿಟ್‌ನ ಪಟ್ಟಿ.

ಮೇಲ್ ಅವತ್ತೇ ಹೋಗಬೇಕು. ಸಂದರ್ಶನಕ್ಕೆ ಕರೆದ ಮೇಲ್ ಇದೆಯಲ್ಲ, ಅದಕ್ಕೇ ರಿಪ್ಲೈ ಮಾಡಿ. ಹೊಸದಾಗಿ ಬರೆದರೆ ಇವರು ಯಾರಪ್ಪ ಅಂತ ಅವರು ಹುಡುಕಬೇಕಾಗುತ್ತದೆ. ಇಂಗ್ಲಿಷಿನಲ್ಲೇ ಬರೆಯಿರಿ, ಸಾರ ಇಷ್ಟಿದ್ದರೆ ಸಾಕು:

'ಇವತ್ತು ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಕೊನೆಯ 15 ನಿಮಿಷ ಇಲ್ಲಿ ಕರೆಂಟು ಹೋಗಿ ನನ್ನ ಧ್ವನಿ ಕಡಿಯುತ್ತಿತ್ತು, ಕ್ಷಮಿಸಿ. 2ಬಿ ತಾಳೆಯ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಪೂರ್ತಿ ತಲುಪಿಲ್ಲ ಅನಿಸಿತು. ನಾನು ಮೊದಲು ಬಿಲ್ ನಂಬರ್, ತಾರೀಕು, ಜಿಎಸ್‌ಟಿ ನಂಬರ್ ತಪ್ಪಿದೆಯಾ ನೋಡುತ್ತೇನೆ. ಎಲ್ಲ ಸರಿ ಇದ್ದರೆ, ಮಾರಿದವರು ತಮ್ಮ ರಿಟರ್ನ್‌ನಲ್ಲಿ ಅದನ್ನು ತೋರಿಸಿದ್ದಾರಾ ಎಂದು ಅವರನ್ನೇ ಕೇಳುತ್ತೇನೆ. 2ಬಿಯಲ್ಲಿ ಬರುವವರೆಗೆ ಆ ಕ್ರೆಡಿಟ್ ತೆಗೆದುಕೊಳ್ಳುವುದಿಲ್ಲ. ಬೇಕೆನಿಸಿದರೆ ಆ ಭಾಗವನ್ನಷ್ಟೇ 15 ನಿಮಿಷದಲ್ಲಿ ಮತ್ತೆ ಮಾತಾಡಬಹುದು. ನಾಳೆ 11ಕ್ಕೆ ಅಥವಾ ನಾಡಿದ್ದು 4ಕ್ಕೆ ನಾನು ಸಿಗುತ್ತೇನೆ. ಶಿರಸಿ ಪೇಟೆಯಿಂದ ಬೇರೆ ಲೈನಿನಲ್ಲಿ ಸೇರುತ್ತೇನೆ, ಬರೀ ಫೋನ್ ಆದರೂ ಸರಿ.'

ಕರೆಂಟಿನ ಕಥೆ ಒಂದೇ ಸಾಲು, ನೋಡಿದಿರಲ್ವಾ? ಗಾಳಿಮಳೆ, ಬಿದ್ದ ಮರ, ಲೈನ್‌ಮನ್ ಎಲ್ಲ ಅಲ್ಲಿಗೆ ಬೇಡ. ತೊಂದರೆ ಅವರ ಕಡೆಯದ್ದಾಗಿದ್ದರೂ 'ಲೈನ್ ಕಡಿಯುತ್ತಿತ್ತು' ಅನ್ನಿ, ಯಾರದ್ದು ಅಂತ ಹೇಳಬೇಡಿ. ಉತ್ತರ ಮೇಲ್‌ನಲ್ಲೇ ಇರುವುದು ಮುಖ್ಯ, ಯಾಕೆಂದರೆ ಅವರಿಗೆ ಮತ್ತೆ ಕರೆಯಲು ಪುರುಸೊತ್ತಿಲ್ಲದಿದ್ದರೂ ಓದಲು ಒಂದು ನಿಮಿಷ ಸಾಕು.

ಒಂದು ಎಚ್ಚರಿಕೆ. ಚೆನ್ನಾಗಿ ಕೇಳಿಸಿದ್ದ, ಆದರೆ ನೀವೇ ತಡವರಿಸಿದ್ದ ಪ್ರಶ್ನೆಯನ್ನು ಈ ನೆಪದಲ್ಲಿ ತೂರಿಸಬೇಡಿ. ಎದುರಿಗಿದ್ದವರಿಗೆ ಗೊತ್ತಾಗಿಯೇ ಆಗುತ್ತದೆ.

ಮತ್ತೆ ಕರೆದರೆ ಹಿಂದಿನ ದಿನವೇ ಅದೇ ಜಾಗದಿಂದ, ಅದೇ ಹೊತ್ತಿಗೆ ಗೆಳತಿಗೆ ವಿಡಿಯೊ ಕಾಲ್ ಮಾಡಿ ನೋಡಿ. ತಗಡಿನ ಮಾಡಿನ ಕೆಳಗಂತೂ ಕೂರಬೇಡಿ, ಮಳೆ ಸದ್ದೇ ಜಾಸ್ತಿ ಕೇಳುತ್ತದೆ. ಉತ್ತರ ಬಾರದಿದ್ದರೆ ಮೂರು ಕೆಲಸದ ದಿನ ಬಿಟ್ಟು ಒಮ್ಮೆ ನೆನಪಿಸಿ, ಅಷ್ಟೇ. ಇವಳಿಗೆ ಮರುದಿನ ಬಂದದ್ದು ವಿಡಿಯೊ ಲಿಂಕ್ ಅಲ್ಲ, ಹತ್ತು ನಿಮಿಷದ ಫೋನ್ ಕಾಲ್. 2ಬಿ ಬಗ್ಗೆ ಮತ್ತೆ ಕೇಳಲೇ ಇಲ್ಲ, ಓದಿಕೊಂಡಿದ್ದರಂತೆ.