12 ಬಾತ್‌ರೂಮ್ ಅಂದವರು 5 ಮುಗಿಸಿದ ವಾರ

ನಮ್ಮ ಕಟ್ಟಡದ ಸೈಟಿನ ಸೋಮವಾರದ ಮೀಟಿಂಗಿನಲ್ಲಿ ಟೈಲ್ಸ್ ಮೇಸ್ತ್ರಿ ಆ ವಾರ 12 ಬಾತ್‌ರೂಮ್ ಮುಗಿಸುತ್ತೇನೆ ಎಂದರು. ಶನಿವಾರ ಎಣಿಸಿದರೆ 5. ಕಾರಣದ ಜಾಗದಲ್ಲಿ ‘ಲೇಬರ್ ಕಮ್ಮಿ’ ಎಂದು ಬರೆದಾಗಿತ್ತು. ಆದರೆ ಲೇಬರ್ ಇತ್ತು. 6 ಜನ ಕೆಲಸಗಾರರು ಆರು ದಿನವೂ ಬಂದಿದ್ದರು. ಒಂದು ಬಾತ್‌ರೂಮಿಗೆ ಗೋಡೆ, ನೆಲ ಸೇರಿ ಒಬ್ಬನಿಗೆ ಮೂರು ದಿನ ಬೇಕು. ಲೆಕ್ಕ ಹಾಕಿದರೆ 12 ಸರಿಯಾಗೇ ಇತ್ತು.

ಉಳಿದ 7ಕ್ಕೂ ನಾನೇ ಹೋಗಿ ನೋಡಿದೆ. ನಾಲ್ಕರಲ್ಲಿ ಗೋಡೆಯೊಳಗಿನ ಪೈಪಿನ ಪ್ರೆಶರ್ ಟೆಸ್ಟ್ ಆಗಿರಲಿಲ್ಲ. ಎರಡರಲ್ಲಿ ನೀರು ನಿಲ್ಲಿಸಿ ನೋಡಿದಾಗ ಟ್ರ್ಯಾಪ್ ಹತ್ತಿರ ಲೀಕ್ ಬಂದಿತ್ತು. ಇನ್ನೊಂದರಲ್ಲಿ ಯಾರದೋ ಬಾಗಿಲ ಚೌಕಟ್ಟುಗಳನ್ನು ಒಟ್ಟಿ ಬೀಗ ಹಾಕಿದ್ದರು. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ಜಾಗ ಸಿಕ್ಕರೆ ಮುಗಿಸುತ್ತೇನೆ ಎಂದಿದ್ದನ್ನು ನಾವು ಮುಗಿಸುತ್ತೇನೆ ಎಂದು ಬರೆದುಕೊಂಡಿದ್ದೆವು, ಅಷ್ಟೆ.

ವಾರಕ್ಕೆಂದು ಒಪ್ಪಿಕೊಂಡ ಕೆಲಸಗಳಲ್ಲಿ ನೂರಕ್ಕೆ ಎಷ್ಟು ಪೂರ್ತಿ ಮುಗಿದವು ಎನ್ನುವ ಲೆಕ್ಕವೇ ಪಿಪಿಸಿ. ಆ ಹೊತ್ತಿಗೆ ನಮ್ಮ ಪಿಪಿಸಿ 45-50ರ ಸುತ್ತ ತಿರುಗುತ್ತಿತ್ತು. ಅರ್ಧ ಆದ ಕೆಲಸಕ್ಕೆ ಸೊನ್ನೆ ಹಾಕುವವನು ನಾನು, ಆದ್ದರಿಂದ ಸ್ವಲ್ಪ ಕಟುವಾಗಿಯೇ ಕಾಣುತ್ತಿತ್ತು. ಮುಂದಿನ ಆರು ವಾರವನ್ನು ನೋಡುವ ಲುಕ್‌ಅಹೆಡ್ ಮಾಡೋಣ ಎಂದಾಗ ಪ್ರಾಜೆಕ್ಟ್ ಮ್ಯಾನೇಜರ್, "ಮಾಸ್ಟರ್ ಶೆಡ್ಯೂಲ್ ಇದೆಯಲ್ಲ, ಇನ್ನೊಂದು ಪೇಪರ್ ಯಾಕೆ?" ಎಂದರು. ಬೇಸರವಾಯಿತು. ಆದರೆ ಮೊದಲ ಸಲ ನಾನು ಮಾಡಿದ್ದು ನಿಜಕ್ಕೂ ಇನ್ನೊಂದು ಪೇಪರೇ. ಮಾಸ್ಟರ್ ಶೆಡ್ಯೂಲಿನಲ್ಲಿ ಆರು ವಾರ ಫಿಲ್ಟರ್ ಮಾಡಿ, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ಮೂರನೇ ವಾರ ಅದರ ಮೇಲೆ ಯಾರೋ ಸಿಮೆಂಟ್ ಮೂಟೆಗಳ ಲೆಕ್ಕ ಬರೆದಿದ್ದರು.

ಎರಡನೇ ಸಲ ಅಡ್ಡಿಗಳ ಪಟ್ಟಿ ಮಾಡಿದೆ. ಡ್ರಾಯಿಂಗ್, ಮೆಟೀರಿಯಲ್, ಹಿಂದಿನ ಗ್ಯಾಂಗಿನ ಕೆಲಸ, ಇನ್‌ಸ್ಪೆಕ್ಷನ್, ಜಾಗ ಎಲ್ಲ ಸೇರಿ ಸುಮಾರು 140 ಸಾಲು. ಯಾರ ಜವಾಬ್ದಾರಿ ಎಂಬ ಕಡೆ ‘ಪರ್ಚೇಸ್’, ‘ಡಿಸೈನ್’, ‘ಸೈಟ್’ ಎಂದು ತುಂಬಿಸಿದೆ. ಎರಡು ತಿಂಗಳಲ್ಲಿ ಬಿಡಿಸಿದ್ದು ಮೂವತ್ತೂ ಇಲ್ಲ. ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಲು ಆಗುವುದಿಲ್ಲ, ಅಲ್ವಾ? ಆಮೇಲೆ ಪ್ರತಿ ಸಾಲಿಗೂ ಒಬ್ಬನೇ ಮನುಷ್ಯನ ಹೆಸರು, ಒಂದೇ ತಾರೀಖು. ಆ ತಾರೀಖನ್ನೂ ನಾನು ಹಾಕುವುದಿಲ್ಲ, ಅವನ ಬಾಯಿಂದಲೇ ಬರಬೇಕು.

ಆ ನಾಲ್ಕು ಬಾತ್‌ರೂಮಿನ ಬೆನ್ನು ಹತ್ತಿದಾಗಲೇ ವಿಷಯ ಬಿಚ್ಚಿಕೊಂಡಿದ್ದು. ಪ್ರೆಶರ್ ಟೆಸ್ಟ್ ಯಾಕಾಗಿಲ್ಲ? ಪೈಪ್ ಲೈನ್ ಪೂರ್ತಿ ಜೋಡಿಸಿ ಆಗಿಲ್ಲ. ಯಾಕೆ? ನೀರನ್ನು ಶವರ್‌ಗೋ ನಲ್ಲಿಗೋ ತಿರುಗಿಸುವ ಡೈವರ್ಟರಿನ, ಗೋಡೆಯೊಳಗೆ ಕೂರುವ ಬಾಡಿ ಬಂದಿಲ್ಲ. ಯಾಕೆ? ಯಾವ ಮಾಡೆಲ್ ಎಂದೇ ತೀರ್ಮಾನ ಆಗಿಲ್ಲ! ಬಾಡಿ ಗೋಡೆಯೊಳಗೆ ಎಷ್ಟು ಆಳ ಕೂರಬೇಕು ಎನ್ನುವುದು ಮಾಡೆಲಿನ ಮೇಲೆ, ಟೈಲ್ಸಿನ ಮುಖದ ಮಟ್ಟದ ಮೇಲೆ ಹೋಗುತ್ತದೆ. ಅಂದಾಜಿನ ಮೇಲೆ ಕೂರಿಸಲು ಬರುವುದಿಲ್ಲ. ಹಿಂದಿನ ಫ್ಲೋರಿನಲ್ಲಿ ಹಾಗೆ ಕೂರಿಸಿ, ಮೂರು ಬಾತ್‌ರೂಮಿನಲ್ಲಿ ಹಾಕಿದ ಟೈಲ್ಸ್ ಒಡೆಸಿದ್ದೆವು. ಟೈಲ್ಸ್, ಕೂಲಿ ಎರಡೂ ನಮ್ಮ ತಲೆಗೇ ಬಂತು.

ಮೇಸ್ತ್ರಿಯ ಎದುರಿಗೇ ಕೂತು ಹಿಂದಕ್ಕೆ ಎಣಿಸಿದೆ. ಟೈಲ್ಸ್ ಶುರುವಾಗುವ ಮೊದಲು ನೆಲ ಸಮ ಮಾಡುವ ಸ್ಕ್ರೀಡ್ ಹಾಕಿ ಕ್ಯೂರಿಂಗ್, ಒಂದು ವಾರ. ಅದಕ್ಕೂ ಮೊದಲು ವಾಟರ್ ಪ್ರೂಫಿಂಗ್ ಎರಡು ಕೋಟ್, ಒಣಗಲು ಸಮಯ, ಆಮೇಲೆ 48 ಗಂಟೆ ನೀರು ನಿಲ್ಲಿಸುವ ಟೆಸ್ಟ್. ಲೀಕ್ ಬಂದರೆ ಮತ್ತೊಮ್ಮೆ. ಎರಡು ವಾರ ಅಂದುಕೊಳ್ಳಿ. ಅದಕ್ಕೂ ಮೊದಲು ಪೈಪ್, ಪ್ರೆಶರ್ ಟೆಸ್ಟ್, ಪ್ಯಾಚ್ ಪ್ಲಾಸ್ಟರ್, ಇನ್ನೊಂದು ವಾರ. ಅಂದರೆ ಡೈವರ್ಟರ್ ಬಾಡಿ ನಾಲ್ಕು ವಾರ ಮೊದಲೇ ಸೈಟಿನಲ್ಲಿರಬೇಕು. ಆರ್ಡರ್ ಕೊಟ್ಟ ಮೇಲೆ ಬರಲು ಮೂರು ವಾರ. ಒಟ್ಟು ಏಳು. ನಮ್ಮ ಲುಕ್‌ಅಹೆಡ್‌ನ ಕಿಟಕಿ ಆರು ವಾರದ್ದು! ಕೆಲಸ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಆಗಲೇ ತಡವಾಗಿತ್ತು.

ಹಾಗಾದರೆ ಕಿಟಕಿಯನ್ನೇ ಹತ್ತು ವಾರಕ್ಕೆ ಹಿಗ್ಗಿಸೋಣ ಎಂದು ಹೊರಟೆ. ಅದೂ ಕೆಟ್ಟಿತು. ಒಂಬತ್ತನೇ ವಾರದಲ್ಲಿ ಯಾವ ಗ್ಯಾಂಗ್ ಎಲ್ಲಿರುತ್ತದೆ ಎಂದು ಕೇಳಿದರೆ ಎಲ್ಲರೂ ಸುಮ್ನೆ ಏನೋ ಹೇಳುತ್ತಾರೆ. ಮೀಟಿಂಗ್ ಎರಡು ಗಂಟೆ ಎಳೆಯಿತು. ಮತ್ತೆ ಆರಕ್ಕೇ ಬಂದೆ. ಬರಲು ತಡವಾಗುವ ಹದಿನೈದು ಇಪ್ಪತ್ತು ಐಟಂಗಳಿಗೆ ಮಾತ್ರ ಬೇರೆ ಒಂದು ಹಾಳೆ ಇಟ್ಟೆ. ಯಾವುದು ಆ ಹಾಳೆಗೆ ಹೋಗಬೇಕು ಎಂದು ಆರಿಸಲು ನನ್ನದೊಂದು ಲೆಕ್ಕ ಇದೆ. ಅದು ನನ್ನ ಹತ್ತಿರವೇ ಇರಲಿ.

ಗುರುವಾರ ಮಧ್ಯಾಹ್ನ ಲುಕ್‌ಅಹೆಡ್ ನೋಡುತ್ತೇವೆ, ಶನಿವಾರ ಮುಂದಿನ ವಾರಕ್ಕೆ ಮೇಸ್ತ್ರಿಗಳು ಮಾತು ಕೊಡುತ್ತಾರೆ. ಅಡ್ಡಿ ಬಿಡಿಸದ ಕೆಲಸ ವಾರದ ಪ್ಲಾನಿಗೆ ಬರುವಂತಿಲ್ಲ. ‘ಸೋಮವಾರ ಬೆಳಿಗ್ಗೆ ಬರುತ್ತೆ ಸಾರ್’ ಎನ್ನುವ ಮೆಟೀರಿಯಲ್ ಬಂದಿಲ್ಲ ಎಂದೇ ಲೆಕ್ಕ. ಮೊದಲ ಶನಿವಾರ ಟೈಲ್ಸ್ ಮೇಸ್ತ್ರಿಯ ಪಾಲಿಗೆ ಉಳಿದದ್ದು 4 ಬಾತ್‌ರೂಮ್. ಪ್ರಾಜೆಕ್ಟ್ ಮ್ಯಾನೇಜರ್ ಕೆಂಡವಾದರು. ಗ್ಯಾಂಗ್ ಖಾಲಿ ಕೂರಬಾರದೆಂದು ಕಾರಿಡಾರಿನ ಸ್ಕರ್ಟಿಂಗ್, ಲಿಫ್ಟ್ ಲಾಬಿಯ ನೆಲ, ಹೀಗೆ ಅಡ್ಡಿ ಇಲ್ಲದ ನಾಲ್ಕು ದಿನದ ಕೆಲಸವನ್ನು ಪಕ್ಕಕ್ಕೆ ಇಟ್ಟಿದ್ದೆ. ಆ ವಾರ 4 ಅಂದರು, 4 ಮುಗಿಯಿತು, ಸ್ಕರ್ಟಿಂಗೂ ಆಯಿತು. ಎಂಟನೇ ವಾರಕ್ಕೆ 11 ಅಂದರು, 10 ಆಯಿತು.

ನಡುವೆ ಒಂದು ತಪ್ಪು ನನ್ನದೇ. ಪಿಪಿಸಿಗೆ ಬಹುಮಾನ ಕಟ್ಟಿದೆ. ಎರಡೇ ವಾರದಲ್ಲಿ 95! ಕುಣಿದಾಡುವುದೊಂದು ಬಾಕಿ. ಆದರೆ ಬಾತ್‌ರೂಮ್ ಎಣಿಸಿದರೆ ಕೆಲಸ ಇಳಿದಿತ್ತು. 9 ಮಾಡಬಲ್ಲವರು 6 ಎಂದು ಬರೆಸುತ್ತಿದ್ದರು. ಬಹುಮಾನ ತೆಗೆದೆ, ಒಂದಿಷ್ಟು ಬೈಗುಳ ತಿಂದೆ. ಅಂದಿನಿಂದ ಇನ್ನೊಂದು ಲೆಕ್ಕವನ್ನೂ ನೋಡುತ್ತೇನೆ. ಮೂರು ವಾರ ಮುಂಚೆ ಲುಕ್‌ಅಹೆಡ್‌ನಲ್ಲಿ ಕಂಡ ಕೆಲಸಗಳಲ್ಲಿ ಎಷ್ಟು ಅದರ ವಾರ ಬಂದಾಗ ಅಡ್ಡಿಯಿಲ್ಲದೆ ಸಿದ್ಧವಾಗಿದ್ದವು? ಇದು ಬಿದ್ದರೆ ಮುಂದೆ ಪಿಪಿಸಿ ಬೀಳುತ್ತದೆ, ಇಲ್ಲವೇ ಮೇಸ್ತ್ರಿಗಳು ಕಮ್ಮಿ ಒಪ್ಪಿಕೊಳ್ಳುತ್ತಾರೆ. ಈ ಲೆಕ್ಕ ಮೇಸ್ತ್ರಿಗಳದ್ದಲ್ಲ, ಪರ್ಚೇಸ್, ಡಿಸೈನ್ ಮತ್ತು ನನ್ನದು. ಆದ್ದರಿಂದಲೇ ಆಫೀಸಿನಲ್ಲಿ ಯಾರಿಗೂ ಇಷ್ಟವಿಲ್ಲ.

ದುಡ್ಡಿನ ವಿಷಯ. ಮೊದಲು ಟೈಲ್ಸ್ ಕಂಟ್ರಾಕ್ಟರ್ ಪ್ರತಿ ಬಿಲ್ಲಿನಲ್ಲೂ ಖಾಲಿ ಕೂತ ಕೂಲಿ ಕೇಳುತ್ತಿದ್ದರು. ತಿಂಗಳಿಗೆ ನಲವತ್ತರ ಹತ್ತಿರ ಆಳಿನ ದಿನ. ಕೊನೆಯ ಎರಡು ಬಿಲ್ಲಿನಲ್ಲಿ ಆ ಸಾಲೇ ಇಲ್ಲ. ಭಾನುವಾರದ ಡಬಲ್ ಕೂಲಿ ಪೂರ್ತಿ ನಿಂತಿಲ್ಲ, ಅರ್ಧಕ್ಕೆ ಇಳಿದಿದೆ. ಪಿಪಿಸಿ ಈಗ ಹೆಚ್ಚುಕಮ್ಮಿ 80. ಪೇಪರ್ ಯಾಕೆ ಎಂದವರು ಹೋದ ತಿಂಗಳು ಪಕ್ಕದ ಬ್ಲಾಕಿನವರನ್ನು ಕರೆತಂದು ನನ್ನ ಬೋರ್ಡ್ ತೋರಿಸಿದರು. ನಾನು ಏನೂ ಹೇಳಲಿಲ್ಲ, ಮಾರ್ಕರ್ ಕೈಗೆ ಕೊಟ್ಟೆ.

ಹೋದ ವಾರ ಪಿಪಿಸಿ 58ಕ್ಕೆ ಬಿತ್ತು. ಸಾಮಾನು ಮೇಲೆತ್ತುವ ಹಾಯ್ಸ್ಟ್ ಎರಡು ದಿನ ಕೆಟ್ಟು ನಿಂತಿತ್ತು. ಅಂಥದ್ದನ್ನು ಯಾವ ಲುಕ್‌ಅಹೆಡ್ ಕೂಡ ಹಿಡಿಯುವುದಿಲ್ಲ. ಆದರೆ ಅದರ ಸರ್ವಿಸ್ ತಾರೀಖು ದಾಟಿತ್ತು ಎಂದು ಆಮೇಲೆ ಗೊತ್ತಾಯಿತು, ಅದನ್ನು ಹಿಡಿಯಬಹುದಿತ್ತು. ಅದೀಗ ಒಂದು ಸಾಲು.

ಇನ್ನೂ ದಾರಿಗೆ ಬರದವರು ಫಾಲ್ಸ್ ಸೀಲಿಂಗ್‌ನವರು. ಮೀಟಿಂಗಿಗೆ ಸೂಪರ್‌ವೈಸರನ್ನು ಕಳಿಸುತ್ತಾರೆ. ಆ ಹುಡುಗ ಎಲ್ಲದಕ್ಕೂ ‘ಆಯ್ತು ಸಾರ್’ ಅನ್ನುತ್ತಾನೆ, ಕೆಲಸ ಮಾಡುವ ಮೇಸ್ತ್ರಿಗೆ ವಿಷಯವೇ ಗೊತ್ತಿರುವುದಿಲ್ಲ. ಶನಿವಾರ ಮೇಸ್ತ್ರಿಯೇ ಬರಬೇಕು, ಇಲ್ಲಾಂದ್ರೆ ಬೋರ್ಡಿನಲ್ಲಿ ನಿಮ್ಮ ಸಾಲು ಖಾಲಿ ಬಿಡುತ್ತೇನೆ ಎಂದು ಹೇಳಿ ಕಳಿಸಿದ್ದೇನೆ.